ಪಾಯಿಂಟ್ ಸಂಬಳವಲ್ಲ

ಹಿಂದೂಪುರದಿಂದಲೋ ಕಲ್ಯಾಣದುರ್ಗದಿಂದಲೋ ಹುಡುಗನೊಬ್ಬ ಬೆಂಗಳೂರಿನ ರೆಸ್ಟೋರೆಂಟ್ ಕೆಲಸಕ್ಕೆ ಸೇರಿದ ಎಂದಾಗ ಮನೆಯವರು, ನೆಂಟರು, ಹೆಣ್ಣಿನ ಕಡೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: ಸಂಬಳ ಎಷ್ಟು? ಹುಡುಗ ಹೇಳುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ಇಪ್ಪತ್ತೊಂದು ಬೀಳುತ್ತೆ." ಈ "ಬೀಳುತ್ತೆ" ಎಂಬ ಮಾತನ್ನು ಯಾರೂ ಗಮನಿಸುವುದಿಲ್ಲ. "ಕೊಡುತ್ತಾರೆ" ಎಂದು ಅವನು ಹೇಳಿಲ್ಲ. ಕೊಡುವುದು ಬೇರೆ, ಬೀಳುವುದು ಬೇರೆ. ಆ ಇಪ್ಪತ್ತೊಂದು ಸಾವಿರದಲ್ಲಿ ಒಂದು ಭಾಗ ಮಾಲಕ ಕೊಡುವ ಸಂಬಳ. ಇನ್ನೊಂದು ಭಾಗ ಗಿರಾಕಿ ಬಿಲ್ಲಿನ ಮೇಲೆ ಕೊಟ್ಟ ಸರ್ವಿಸ್ ಚಾರ್ಜನ್ನು ಒಂದೆಡೆ ಕೂಡಿಸಿ, ಸಿಬ್ಬಂದಿಗೆ ಪಾಯಿಂಟ್ ಲೆಕ್ಕದಲ್ಲಿ ಹಂಚಿದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಎರಡನೇ ಭಾಗವನ್ನು ಸಂಬಳ ಎಂದು ಕರೆಯುವುದನ್ನು ನಾವು ನಿಲ್ಲಿಸಬೇಕು. ಕೆಲಸಕ್ಕೆ ಹೋಗುವವರೂ ನಿಲ್ಲಿಸಬೇಕು, ಹೋಟೆಲು ನಡೆಸುವ ನಮ್ಮವರೂ ನಿಲ್ಲಿಸಬೇಕು.

ನಮ್ಮ ಸಮುದಾಯಕ್ಕೆ ಈ ವಿಷಯ ಹೊರಗಿನದಲ್ಲ. ಬ್ಯಾರಿಗಳಲ್ಲಿ ಹೋಟೆಲು ಇಟ್ಟವರೂ ಇದ್ದಾರೆ, ಹೋಟೆಲಿನಲ್ಲಿ ದುಡಿಯುವವರೂ ಇದ್ದಾರೆ, ದುಬೈ, ಮಸ್ಕತ್, ದೋಹಾದ ಹೋಟೆಲುಗಳಿಂದ ಮನೆಗೆ ದುಡ್ಡು ಕಳಿಸುವವರೂ ಇದ್ದಾರೆ. ಒಂದೇ ಮನೆಯಲ್ಲಿ ಕಾಕ ಮಾಲಕ, ಅಳಿಯ ಸ್ಟೀವರ್ಡ್ ಎಂಬುದೂ ಉಂಟು. ಹಾಗಾಗಿ ಇದು ಒಂದು ಕಡೆಯವರ ಪರ ವಾದ ಅಲ್ಲ, ಲೆಕ್ಕದ ಮಾತು.

ಹಿಂದೂಪುರದಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್. ನೇರ ರೈಲು ಇದೆ, ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಅಲ್ಲಿರುತ್ತಾರೆ. ಕಲ್ಯಾಣದುರ್ಗದ ಕಡೆ ಮಳೆಯನ್ನೇ ನಂಬಿದ ಶೇಂಗಾ ಬೇಸಾಯ. ಮಳೆ ಕೈಕೊಟ್ಟ ವರ್ಷ ಮನೆಗೊಬ್ಬರು ಊರು ಬಿಡುವುದು ಅಲ್ಲಿ ಹೊಸ ಸಂಗತಿ ಅಲ್ಲ. ಈ ಎರಡೂ ಊರುಗಳ ಬಿರಿಯಾನಿ ಹೋಟೆಲು, ಮೆಸ್ಸು, ಟಿಫನ್ ಸೆಂಟರುಗಳಲ್ಲಿ ನಾನು ಕಂಡಂತೆ ಸರ್ವಿಸ್ ಚಾರ್ಜ್ ಎಂಬುದಿಲ್ಲ. ಊಟ, ಮಲಗಲು ಜಾಗ, ತಿಂಗಳಿಗೆ ಇಷ್ಟು ಎಂದು ಬಾಯಿಮಾತಿನಲ್ಲಿ ಮುಗಿಯುತ್ತದೆ. ಗಿರಾಕಿ ತಟ್ಟೆಯ ಪಕ್ಕ ಹತ್ತು ರೂಪಾಯಿ ಇಟ್ಟರೆ ಅದು ಆ ಹುಡುಗನ ಅದೃಷ್ಟ. ಆದ್ದರಿಂದ ಇಲ್ಲಿಂದ ಹೋದವನಿಗೆ ಆಫರ್ ಲೆಟರಿನಲ್ಲಿ "ಸಂಬಳ 14,000, ಜೊತೆಗೆ ಸರ್ವಿಸ್ ಚಾರ್ಜ್ 4 ಪಾಯಿಂಟ್" ಎಂದು ಬರೆದಿದ್ದರೆ ಅರ್ಥ ಆಗುವುದಿಲ್ಲ. ಕೇಳಿದರೆ ಅಲ್ಲಿನವರು "ಏಳು ಸಾವಿರದಷ್ಟು ಬೀಳುತ್ತೆ" ಎನ್ನುತ್ತಾರೆ. ಹುಡುಗ ಎರಡನ್ನೂ ಕೂಡಿಸಿ ಊರಿಗೆ ಫೋನ್ ಮಾಡುತ್ತಾನೆ. ಊರಿನಲ್ಲಿ ಆ ಕೂಡಿಸಿದ ಸಂಖ್ಯೆಯ ಮೇಲೆ ಬೈಕಿನ ಕಂತು, ಚೀಟಿ, ಅಂಗಡಿಯ ಉದ್ರಿ ಎಲ್ಲ ಶುರುವಾಗುತ್ತದೆ. ಬಾಪನ ಅಂಗಡಿಯಲ್ಲಿ ಕೂತು ಉದ್ರಿ ಪುಸ್ತಕ ನೋಡಿಕೊಳ್ಳುವ ನನಗೆ ಈ ಸಂಖ್ಯೆ ಯಾವ ತಿಂಗಳು ನಿಜವಾಗುತ್ತದೆ, ಯಾವ ತಿಂಗಳು ಆಗುವುದಿಲ್ಲ ಎಂಬುದು ಚೆನ್ನಾಗಿ ಕಾಣುತ್ತದೆ.

ಪಾಯಿಂಟ್ ಎಂದರೇನು ಎಂದು ಮೊದಲು ನೋಡೋಣ. ಪಾಯಿಂಟ್ ರೂಪಾಯಿ ಅಲ್ಲ, ಪಾಲು. ತಿಂಗಳಲ್ಲಿ ಕೂಡಿದ ಸರ್ವಿಸ್ ಚಾರ್ಜನ್ನು ಎಲ್ಲರ ಪಾಯಿಂಟುಗಳ ಮೊತ್ತದಿಂದ ಭಾಗಿಸಿದರೆ ಒಂದು ಪಾಯಿಂಟಿನ ಬೆಲೆ ಸಿಗುತ್ತದೆ. ಅದನ್ನು ನಿಮ್ಮ ಪಾಯಿಂಟಿನಿಂದ ಗುಣಿಸಿದರೆ ನಿಮ್ಮ ಪಾಲು. ಇಷ್ಟೇ. ಆದರೆ ಮೇಲಿರುವ ಸಂಖ್ಯೆಯೂ ಬದಲಾಗುತ್ತದೆ, ಕೆಳಗಿರುವ ಸಂಖ್ಯೆಯೂ ಬದಲಾಗುತ್ತದೆ. ಎರಡೂ ದುಡಿಯುವವನ ಕೈಯಲ್ಲಿಲ್ಲ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಕಾರ್ಖಾನೆಯಲ್ಲಿ ಪೀಸಿಗೆ ಇಷ್ಟು ಎಂದು ಇನ್ಸೆಂಟಿವ್ ಇದ್ದರೆ ಕೆಲಸಗಾರ ತಾನು ಮಾಡಿದ ಪೀಸನ್ನು ತಾನೇ ಎಣಿಸಬಹುದು, ಪೀಸಿನ ದರವೂ ಗೊತ್ತಿರುತ್ತದೆ. ಪಾಯಿಂಟಿನಲ್ಲಿ ಎಣಿಸಲು ಪೀಸೂ ಇಲ್ಲ, ಮೊದಲೇ ಗೊತ್ತಾದ ದರವೂ ಇಲ್ಲ.

ಲೆಕ್ಕಕ್ಕಾಗಿ ಬೆಂಗಳೂರಿನ ಒಂದು ಮಧ್ಯಮ ಗಾತ್ರದ ರೆಸ್ಟೋರೆಂಟ್ ಇಟ್ಟುಕೊಳ್ಳೋಣ. ಸಂಖ್ಯೆಗಳು ನಾನು ಲೆಕ್ಕ ಸುಲಭವಾಗಲಿ ಎಂದು ಹಾಕಿದವು, ಯಾವ ನಿರ್ದಿಷ್ಟ ಹೋಟೆಲಿನವೂ ಅಲ್ಲ. ತಿಂಗಳ ವ್ಯಾಪಾರ 24 ಲಕ್ಷ. ಸರ್ವಿಸ್ ಚಾರ್ಜ್ ಶೇ. 10. ಎಲ್ಲ ಗಿರಾಕಿಗಳೂ ಕೊಟ್ಟರೆ 2,40,000 ಬರಬೇಕು. ಕೆಲವರು "ಇದನ್ನು ತೆಗೆಯಿರಿ" ಎನ್ನುತ್ತಾರೆ, ತೆಗೆಯಬೇಕಾಗುತ್ತದೆ. ನೂರಕ್ಕೆ ಎಂಬತ್ತು ಭಾಗ ಉಳಿಯಿತು ಎನ್ನಿ. ಅಲ್ಲಿಗೆ 1,92,000. ಅದರಲ್ಲಿ ಒಡೆದ ಗ್ಲಾಸು, ಪ್ಲೇಟಿನ ಬಾಬ್ತು 12,000 ಹಿಡಿದುಕೊಂಡರು. ಹಂಚಲು ಉಳಿದದ್ದು 1,80,000.

ಈಗ ಪಾಯಿಂಟ್. ಮ್ಯಾನೇಜರ್ ಒಬ್ಬರಿಗೆ 8. ಮೂವರು ಕ್ಯಾಪ್ಟನ್‌ಗಳಿಗೆ ತಲಾ 5, ಅಂದರೆ 15. ಏಳು ಸ್ಟೀವರ್ಡ್‌ಗಳಿಗೆ ತಲಾ 4, ಅಂದರೆ 28. ಟೇಬಲ್ ಒರೆಸುವ, ನೀರು ಕೊಡುವ ಐದು ಹುಡುಗರಿಗೆ ತಲಾ 2, ಅಂದರೆ 10. ಅಡಿಗೆಮನೆಯಲ್ಲಿ ಮುಖ್ಯ ಬಾಣಸಿಗರಿಗೆ 7, ಐದು ಕುಕ್‌ಗಳಿಗೆ ತಲಾ 4ರಂತೆ 20, ನಾಲ್ಕು ಕಿಚನ್ ಹೆಲ್ಪರ್‌ಗಳಿಗೆ ತಲಾ 2ರಂತೆ 8, ಪಾತ್ರೆ ತೊಳೆಯುವ ನಾಲ್ವರಿಗೆ ತಲಾ 1ರಂತೆ 4. ಒಟ್ಟು ಮೂವತ್ತು ಜನ, ನೂರು ಪಾಯಿಂಟ್. ಒಂದು ಪಾಯಿಂಟಿಗೆ 1,800 ರೂಪಾಯಿ. ನಮ್ಮ ಹುಡುಗ ಸ್ಟೀವರ್ಡ್, ಅವನಿಗೆ 7,200. ಸಂಬಳ 14,000 ಕೂಡಿಸಿದರೆ 21,200. ಅವನು ಫೋನಿನಲ್ಲಿ ಹೇಳಿದ ಇಪ್ಪತ್ತೊಂದು ಸುಳ್ಳಲ್ಲ. ಆದರೆ ಅದರಲ್ಲಿ ಮೂರನೇ ಒಂದು ಭಾಗ ಪೂಲಿನದು.

ಮೊದಲು ಮೇಲಿನ ಸಂಖ್ಯೆ ಹೇಗೆ ಇಳಿಯುತ್ತದೆ ನೋಡಿ. ಪರೀಕ್ಷೆಯ ದಿನಗಳು, ಮಳೆ, ಕೆಲವು ಕಡೆ ರಮಝಾನಿನ ಹಗಲು, ಕೆಲವು ಕಡೆ ಶ್ರಾವಣ, ಹೀಗೆ ಒಂದು ತಿಂಗಳು ವ್ಯಾಪಾರ 17 ಲಕ್ಷಕ್ಕೆ ಬಂತು. ಸರ್ವಿಸ್ ಚಾರ್ಜ್ 1,70,000, ಅದರ ಎಂಬತ್ತು ಭಾಗ 1,36,000. ಒಡಕಿನ ಬಾಬ್ತು ಮಾತ್ರ ಅದೇ 12,000. ಉಳಿದದ್ದು 1,24,000, ಪಾಯಿಂಟಿಗೆ 1,240. ಹುಡುಗನಿಗೆ 4,960, ಒಟ್ಟು 18,960. ವ್ಯಾಪಾರ ಬಿದ್ದದ್ದು ಶೇ. 29, ಪಾಯಿಂಟ್ ಬಿದ್ದದ್ದು ಶೇ. 31. ಕಡಿತ ಸ್ಥಿರವಾಗಿರುವುದರಿಂದ ಪಾಲು ವ್ಯಾಪಾರಕ್ಕಿಂತ ತುಸು ಹೆಚ್ಚೇ ಬೀಳುತ್ತದೆ. ಮಾಲಕನ ನಷ್ಟದ ಒಂದು ತುಂಡನ್ನು ಸ್ಟೀವರ್ಡ್ ಹೊತ್ತಂತಾಯಿತು. ವ್ಯಾಪಾರದ ರಿಸ್ಕ್ ತೆಗೆದುಕೊಳ್ಳುವುದು ಬಂಡವಾಳ ಹಾಕಿದವನ ಕೆಲಸ, ಲಾಭವೂ ಅವನದು. ತಟ್ಟೆ ಹೊತ್ತವನಿಗೆ ನಷ್ಟದ ಪಾಲು ಬರುವುದಾದರೆ ಅದು ಅವನಿಗೆ ಮೊದಲೇ ಗೊತ್ತಿರಬೇಕು.

ಇನ್ನು ಕೆಳಗಿನ ಸಂಖ್ಯೆ. ಹೋಟೆಲು ಮಹಡಿಯ ಮೇಲೂ ಟೇಬಲ್ ಹಾಕಿತು. ಆರು ಜನರನ್ನು ಸೇರಿಸಿಕೊಂಡರು, 20 ಪಾಯಿಂಟ್ ಹೆಚ್ಚಾಯಿತು. ಈಗ ಒಟ್ಟು 120. ವ್ಯಾಪಾರ ಇನ್ನೂ 24 ಲಕ್ಷವೇ ಇದ್ದರೆ ಪಾಯಿಂಟಿಗೆ 1,500, ನಮ್ಮ ಹುಡುಗನಿಗೆ 6,000. ಅವನು ಒಂದು ದಿನವೂ ರಜೆ ಹಾಕಿಲ್ಲ, ಒಂದು ಗ್ಲಾಸೂ ಒಡೆದಿಲ್ಲ, ಗಿರಾಕಿಯೂ ಕಡಿಮೆ ಆಗಿಲ್ಲ. ಆದರೂ 1,200 ರೂಪಾಯಿ ಹೋಯಿತು. ಹಳೆಯ 1,800 ಮರಳಿ ಬರಬೇಕಾದರೆ ವ್ಯಾಪಾರ 28 ಲಕ್ಷದ 50 ಸಾವಿರಕ್ಕೆ ಏರಬೇಕು. ಹೊಸ ಮಹಡಿ ತುಂಬಲು ಆರು ತಿಂಗಳು ಬೇಕಾದರೆ ಆ ಆರು ತಿಂಗಳ ಖರ್ಚಿನಲ್ಲಿ ಒಂದು ಪಾಲನ್ನು ಹಳೆಯ ಸಿಬ್ಬಂದಿಯೇ ಕೊಟ್ಟಂತೆ. ಇದು ಮೋಸ ಅಲ್ಲ, ಪಾಯಿಂಟಿನ ಸ್ವಭಾವವೇ ಹೀಗೆ. ಹಬ್ಬದ ಬಿರಿಯಾನಿ ಒಂದೇ ದೇಗ್ಚಿ, ಪಂಕ್ತಿಗೆ ಇನ್ನಷ್ಟು ಜನ ಕೂತರೆ ಎಲ್ಲರ ಬಡಿಸುವಿಕೆಯೂ ಕಡಿಮೆಯಾಗುತ್ತದೆ.

ರಜೆಯ ಲೆಕ್ಕವೂ ಇದರಲ್ಲಿದೆ. ಹಲವು ಕಡೆ ಪಾಯಿಂಟನ್ನು ಹಾಜರಾದ ದಿನಗಳಿಂದ ಗುಣಿಸುತ್ತಾರೆ. ನಾಲ್ಕು ಪಾಯಿಂಟಿನವನು ಮೂವತ್ತು ದಿನ ಇದ್ದರೆ 120, ಊರಿಗೆ ಬಂದು ಎಂಟು ದಿನ ಉಳಿದರೆ 88. ವಾರದ ರಜೆಯನ್ನು ಹಾಜರಿ ಎಂದು ಹಿಡಿಯುತ್ತಾರೋ ಇಲ್ಲವೋ ಎಂಬುದು ಒಂದೊಂದು ಕಡೆ ಒಂದೊಂದು ತರ. ಉಮ್ಮನಿಗೆ ಹುಷಾರಿಲ್ಲ ಎಂದು ಎಂಟು ದಿನ ಬಂದವನಿಗೆ ಸಂಬಳ ಕಡಿತ ಎಷ್ಟು ಎಂದು ಗೊತ್ತಿರುತ್ತದೆ, ಪಾಯಿಂಟಿನಲ್ಲಿ ಸುಮಾರು 1,900 ಹೋಯಿತು ಎಂಬುದು ಮುಂದಿನ ತಿಂಗಳು ಗೊತ್ತಾಗುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ಸಂಗತಿಗೆ ಬರುತ್ತೇನೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಯಾವ ಹೋಟೆಲೂ ರೆಸ್ಟೋರೆಂಟೂ ಬಿಲ್ಲಿಗೆ ತಾನಾಗಿಯೇ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ, ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಎಂದು ಅವನಿಗೆ ತಿಳಿಸಬೇಕು, ಕೊಡದವನನ್ನು ಒಳಗೆ ಬಿಡದೆ ಇರುವಂತಿಲ್ಲ, ಊಟದ ಬಿಲ್ಲಿಗೆ ಅದನ್ನು ಕೂಡಿಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ. ಸಾವಿರದ ಊಟಕ್ಕೆ ನೂರು ಸೇರಿಸಿ, ಸಾವಿರದ ನೂರರ ಮೇಲೆ ಶೇ. 5 ತೆರಿಗೆ ಹಾಕಿ 1,155 ಕೇಳುತ್ತಿದ್ದ ಬಿಲ್ಲುಗಳನ್ನು ನೆನಪಿಸಿಕೊಳ್ಳಿ. ರೆಸ್ಟೋರೆಂಟ್ ಮಾಲಕರ ಎರಡು ರಾಷ್ಟ್ರೀಯ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. ಅದೇ ಜುಲೈನಲ್ಲಿ ತಡೆಯಾಜ್ಞೆ ಸಿಕ್ಕಿತು. 2025ರ ಮಾರ್ಚ್ 28ರಂದು ಏಕಸದಸ್ಯ ಪೀಠ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು, ಅರ್ಜಿದಾರ ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡದ ಖರ್ಚನ್ನೂ ಹಾಕಿತು. ಸಂಘಗಳು ಮೇಲ್ಮನವಿಗೆ ಹೋಗಿವೆ.

ಗಿರಾಕಿಯಾಗಿ ನಾನು ಈ ತೀರ್ಪನ್ನು ಒಪ್ಪುತ್ತೇನೆ. ಮೆನುವಿನಲ್ಲಿ ಬರೆದ ಬೆಲೆ ಒಂದು, ಕೊನೆಗೆ ಕೇಳುವ ಬೆಲೆ ಇನ್ನೊಂದು ಆಗಬಾರದು. ಆದರೆ ಈ ತೀರ್ಪು ನಮ್ಮ ಹುಡುಗನ ಜೇಬಿನಲ್ಲಿ ಏನು ಮಾಡುತ್ತದೆ ಎಂದೂ ನೋಡಬೇಕು. ಬಿಲ್ಲಿನಲ್ಲಿ ತಾನಾಗಿ ಬರುತ್ತಿದ್ದದ್ದು ಗಿರಾಕಿ ಇಷ್ಟಪಟ್ಟರೆ ಎಂದಾದಾಗ ನೂರರಲ್ಲಿ ಎಂಬತ್ತು ಭಾಗ ಉಳಿಯುವುದಿಲ್ಲ. ಮೂವತ್ತು ಉಳಿಯಿತು ಎಂದುಕೊಳ್ಳಿ. 2,40,000ದಲ್ಲಿ 72,000. ಒಡಕಿನ 12,000 ತೆಗೆದರೆ 60,000. ಪಾಯಿಂಟಿಗೆ 600. ಹುಡುಗನಿಗೆ 2,400, ಒಟ್ಟು 16,400. ಹೋಟೆಲಿನ ವ್ಯಾಪಾರ ಒಂದು ರೂಪಾಯಿಯೂ ಇಳಿದಿಲ್ಲ. ಟೇಬಲ್ಲುಗಳು ಅಷ್ಟೇ, ನಡೆದ ಹೆಜ್ಜೆಗಳೂ ಅಷ್ಟೇ. ತಿಂಗಳಿಗೆ 4,800 ರೂಪಾಯಿ ಹೋಯಿತು.

ಸಂಘಗಳ ವಾದದಲ್ಲಿ ಸಿಬ್ಬಂದಿಯ ಹೆಸರೂ ಇತ್ತು: ಸರ್ವಿಸ್ ಚಾರ್ಜ್ ಹಂಚುವುದು ಕೆಲಸಗಾರರಿಗೆ, ಅದನ್ನು ತೆಗೆದರೆ ಅವರಿಗೇ ನಷ್ಟ ಎಂದು. ನಷ್ಟ ಆಗುವುದು ನಿಜ. ಆದರೆ ಆ ನಷ್ಟ ಆಗುವುದೇಕೆ? ಸಂಬಳದಲ್ಲಿ ಸೇರಬೇಕಾಗಿದ್ದ ದುಡ್ಡನ್ನು ಸಂಬಳದ ಹೊರಗೆ, ಗಿರಾಕಿಯ ಮರ್ಜಿಗೆ ಬಿಟ್ಟದ್ದರಿಂದ. ಸ್ಟೀವರ್ಡಿನ ಹೆಸರು ಹೇಳಿ ಗಿರಾಕಿಯಿಂದ ಕಡ್ಡಾಯವಾಗಿ ವಸೂಲು ಮಾಡುವ ಹಕ್ಕು ಕೇಳುವವರು, ಅದೇ ಸ್ಟೀವರ್ಡಿಗೆ ಕಡ್ಡಾಯವಾಗಿ ಇಷ್ಟು ಕೊಡುತ್ತೇವೆ ಎಂದು ಆಫರ್ ಲೆಟರಿನಲ್ಲಿ ಬರೆಯಲು ಏಕೆ ಸಿದ್ಧರಿಲ್ಲ?

ತಿಂಗಳ ಕೊನೆಗೆ ಕಾಣದ ಇನ್ನೊಂದು ನಷ್ಟ ಇದೆ, ಅದು ವರ್ಷಗಳ ಮೇಲೆ ಕಾಣುತ್ತದೆ. ಪೂಲಿನ ದುಡ್ಡು ಸಾಮಾನ್ಯವಾಗಿ ಮೂಲವೇತನದಲ್ಲಿ ಸೇರುವುದಿಲ್ಲ. 2016ರಲ್ಲಿ ಐಟಿಸಿ ಕಂಪನಿಯ ಹೋಟೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಿರಾಕಿ ಕಾರ್ಡಿನಲ್ಲಿ ಕೊಟ್ಟ ಟಿಪ್ಸನ್ನು ಹೋಟೆಲು ಕೂಡಿಸಿ ಸಿಬ್ಬಂದಿಗೆ ಹಂಚಿದರೂ ಅದು ಆದಾಯ ತೆರಿಗೆಯ ಲೆಕ್ಕದಲ್ಲಿ "ಸಂಬಳ" ಆಗುವುದಿಲ್ಲ, ಏಕೆಂದರೆ ಅದು ಮಾಲಕನಿಂದ ಬಂದದ್ದಲ್ಲ ಎಂದು ಹೇಳಿತು. ಆ ಪ್ರಶ್ನೆ ತೆರಿಗೆ ಮುರಿದುಕೊಳ್ಳುವ ಬಗ್ಗೆ, ಅದೂ ಟಿಪ್ಸಿನ ಬಗ್ಗೆ. ಆದರೂ ಅದರ ಹಿಂದಿರುವ ಮಾತು ಹುಡುಗರು ತಿಳಿದಿರಬೇಕಾದದ್ದು: ಮಾಲಕನ ಕೈ ದಾಟಿ ಬಂದದ್ದೆಲ್ಲ ಮಾಲಕ ಕೊಟ್ಟದ್ದಲ್ಲ.

ಗ್ರಾಚ್ಯುಟಿಯಲ್ಲಿ ಇದು ಎಷ್ಟಾಗುತ್ತದೆ ನೋಡಿ. ಐದು ವರ್ಷ ದುಡಿದವನಿಗೆ ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸುತ್ತಾರೆ. ನಮ್ಮ ಹುಡುಗನ ಇಡೀ 14,000 ಮೂಲವೇತನ ಎಂದೇ ಇಟ್ಟುಕೊಂಡರೆ ಸುಮಾರು 40,400 ಸಿಗುತ್ತದೆ. ಅದೇ 21,200 ಪೂರ್ತಿ ವೇತನವಾಗಿದ್ದರೆ ಸುಮಾರು 61,150. ಇಪ್ಪತ್ತು ಸಾವಿರದ ವ್ಯತ್ಯಾಸ. ಪಿಎಫ್‌ನಲ್ಲೂ ಹಾಗೆಯೇ, ಮೂಲವೇತನದ ಮೇಲೆ ಮಾಲಕ ಹಾಕುವ ಶೇ. 12 ಪೂಲಿನ ಮೇಲೆ ಬರುವುದಿಲ್ಲ. ಗಲ್ಫಿನಲ್ಲಿರುವವರಿಗೂ ಇದೇ ಮಾತು. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ. ಬೇಸಿಕ್ ಚಿಕ್ಕದು, ಸರ್ವಿಸ್ ಚಾರ್ಜ್ ದೊಡ್ಡದು ಎಂದು ಹೇಳಿ ವೀಸಾ ಕಳಿಸಿದರೆ, ತಿಂಗಳು ತಿಂಗಳು ಕೈಗೆ ಬಂದದ್ದು ಚೆನ್ನಾಗಿ ಕಂಡರೂ ಊರಿಗೆ ಹಿಂದಿರುಗುವ ದಿನ ಕೈಗೆ ಬರುವುದು ಚಿಕ್ಕದೇ.

ಇನ್ನು, ಹಂಚಿಕೆ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ ಇದಕ್ಕೇ ಒಂದು ಕಾನೂನು ಜಾರಿಯಲ್ಲಿದೆ. ಟಿಪ್ಸ್ ಮತ್ತು ಸರ್ವಿಸ್ ಚಾರ್ಜನ್ನು ಮಾಲಕ ಏನನ್ನೂ ಹಿಡಿದುಕೊಳ್ಳದೆ ಮುಂದಿನ ತಿಂಗಳ ಕೊನೆಯೊಳಗೆ ಸಿಬ್ಬಂದಿಗೆ ಕೊಡಬೇಕು, ಹಂಚುವ ಕ್ರಮವನ್ನು ಬರೆದಿಡಬೇಕು, ಲೆಕ್ಕವನ್ನು ಮೂರು ವರ್ಷ ಕಾಪಾಡಬೇಕು, ಕೆಲಸಗಾರ ಕೇಳಿದರೆ ತೋರಿಸಬೇಕು. ನಮ್ಮಲ್ಲಿ ಗಿರಾಕಿಯನ್ನು ಕಾಯುವ ಮಾರ್ಗಸೂಚಿ ಬಂದಿದೆ, ಹಂಚಿಕೆಯ ಲೆಕ್ಕ ಕೇಳುವ ಕೆಲಸಗಾರನನ್ನು ಕಾಯುವ ಇಂಥ ಕಾನೂನು ಬಂದಿಲ್ಲ. ಹಾಗಾಗಿ ಹುಡುಗರೇ ಲೆಕ್ಕ ಹಾಕಿಕೊಳ್ಳಬೇಕು, ಅದು ಕಷ್ಟವೇನೂ ಅಲ್ಲ.

ನಿಮಗೆ ಬಂದ ಮೊತ್ತವನ್ನು ನಿಮ್ಮ ಪಾಯಿಂಟಿನಿಂದ ಭಾಗಿಸಿ. ಎರಡು ಪಾಯಿಂಟಿನ ಹೆಲ್ಪರ್ ಗೆಳೆಯನಿಗೆ ಬಂದದ್ದನ್ನು ಎರಡರಿಂದ ಭಾಗಿಸಿ. ಇಬ್ಬರೂ ತಿಂಗಳು ಪೂರ್ತಿ ಹಾಜರಿದ್ದರೆ ಎರಡು ಉತ್ತರವೂ ಒಂದೇ ಬರಬೇಕು. ಬರದಿದ್ದರೆ ಹಂಚಿದ್ದು ಪಾಯಿಂಟಿನ ಪ್ರಕಾರ ಅಲ್ಲ. ಒಂದೇ ಬಂದರೆ, ಆ ಬೆಲೆಯನ್ನು ಒಟ್ಟು ಪಾಯಿಂಟಿನಿಂದ ಗುಣಿಸಿ. ಅದು ಹಂಚಿದ ಮೊತ್ತ. ಕ್ಯಾಪ್ಟನ್‌ಗಳು ರಾತ್ರಿ ಬಿಲ್ಲಿಂಗ್ ಮೆಷಿನ್ನಿನಿಂದ ದಿನದ ಲೆಕ್ಕ ತೆಗೆಯುತ್ತಾರೆ, ಅದರಲ್ಲಿ ಸರ್ವಿಸ್ ಚಾರ್ಜ್ ಬೇರೆ ಸಾಲಿನಲ್ಲಿ ಇರುತ್ತದೆ. ತಿಂಗಳ ಮೊತ್ತಕ್ಕೂ ಹಂಚಿದ ಮೊತ್ತಕ್ಕೂ ಇರುವ ಅಂತರವೇ ಕಡಿತ. ಆ ಕಡಿತ ಯಾವುದಕ್ಕೆ ಎಂದು ಕೇಳುವ ಹಕ್ಕು ನಿಮಗಿದೆ. ಪೂಲಿನಿಂದ ಒಡಕಿನ ದುಡ್ಡು ಹಿಡಿದು, ಗ್ಲಾಸು ಒಡೆದವನ ಸಂಬಳದಿಂದಲೂ ಹಿಡಿದರೆ ಒಂದೇ ಗ್ಲಾಸಿಗೆ ಎರಡು ಸಲ ವಸೂಲಾಯಿತು. ಒಟ್ಟು ಪಾಯಿಂಟ್ ಎಷ್ಟು ಎಂದು ಹೇಳಲು ಒಪ್ಪದಿದ್ದರೆ, ಪಟ್ಟಿಯಲ್ಲಿ ನೆಲದ ಮೇಲೆ ಕಾಣದ ಹೆಸರುಗಳು ಇವೆಯೋ ಎಂದು ಅನುಮಾನಿಸಬಹುದು. ನಮ್ಮ ಲೆಕ್ಕದ ಹೋಟೆಲಿನಲ್ಲಿ ಹೆಡ್ ಆಫೀಸಿನ ಇಬ್ಬರನ್ನು ತಲಾ 8 ಪಾಯಿಂಟಿಗೆ ಸೇರಿಸಿದರೆ ಸಾಕು, 1,800 ಇದ್ದದ್ದು 1,551ಕ್ಕೆ ಇಳಿಯುತ್ತದೆ. ಮೂವತ್ತು ಜನರಲ್ಲಿ ಯಾರಿಗೂ ಕಾರಣ ಕಾಣುವುದಿಲ್ಲ.

ಕೆಲಸ ಬಿಡುವಾಗ ಇನ್ನೊಂದು ತೊಂದರೆ ಬರುತ್ತದೆ. ಪೂಲನ್ನು ಮುಂದಿನ ತಿಂಗಳು ಹಂಚುವ ಕಡೆ, ಹಂಚುವ ದಿನ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಹಿಂದಿನ ತಿಂಗಳ ಪಾಲು ಸಿಗದೆ ಹೋಗಬಹುದು. ಸೇರುವ ದಿನವೇ ಈ ಒಂದು ಪ್ರಶ್ನೆ ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ಹೋಟೆಲು ನಡೆಸುವ ನಮ್ಮವರಿಗೆ ಒಂದು ಮಾತು. ಕೂಲಿ ಎಷ್ಟೆಂದು ಕೆಲಸಕ್ಕೆ ಮೊದಲೇ ಇಬ್ಬರಿಗೂ ಗೊತ್ತಿರಬೇಕು ಎಂಬುದನ್ನು ನಮಗೆ ಬೇರೆಯವರು ಬಂದು ಕಲಿಸಬೇಕಾಗಿಲ್ಲ, ಮದ್ರಸದಲ್ಲೇ ಉಸ್ತಾದರು ಕಲಿಸಿದ್ದಾರೆ. ಪಾಲು ಕೊಡುವುದು ತಪ್ಪಲ್ಲ. ಪಾಲನ್ನು ಕೂಲಿ ಎಂದು ತೋರಿಸಿ ಆಳು ಕರೆಯುವುದು ಸರಿಯಲ್ಲ. ಬೆಲೆಯಲ್ಲೇ ಸೇರಿಸಿದರೆ ಎಷ್ಟಾಗುತ್ತದೆ ಎಂದು ನೋಡಿ. ನಮ್ಮ ಲೆಕ್ಕದ ಹೋಟೆಲಿನಲ್ಲಿ ಹಂಚಿದ 1,80,000ವನ್ನು ಸಂಬಳಕ್ಕೆ ಸೇರಿಸಿದರೆ ಅದರ ಮೇಲೆ ಮಾಲಕನ ಪಾಲಿನ ಪಿಎಫ್ ಶೇ. 12, ಇಎಸ್‌ಐ ಶೇ. 3.25 ಬರುತ್ತದೆ ಎಂದಿಟ್ಟುಕೊಳ್ಳೋಣ. ಒಟ್ಟು 2,07,450. 24 ಲಕ್ಷದ ವ್ಯಾಪಾರದಲ್ಲಿ ಇದು ನೂರಕ್ಕೆ ಒಂಬತ್ತು ರೂಪಾಯಿಗಿಂತ ಕಡಿಮೆ. ಇನ್ನೂರರ ಬಿರಿಯಾನಿ ಇನ್ನೂರ ಹದಿನೆಂಟಾಗುತ್ತದೆ. ಇಲ್ಲಿಯವರೆಗೆ ಅದೇ ಗಿರಾಕಿ ಇನ್ನೂರರ ಮೇಲೆ ಇಪ್ಪತ್ತು ಸರ್ವಿಸ್ ಚಾರ್ಜ್ ಕೊಡುತ್ತಿದ್ದ. ಅವನಿಗೆ ಎರಡು ರೂಪಾಯಿ ಉಳಿಯಿತು, ಬಿಲ್ಲಿನ ಮುಂದೆ ಜಗಳವೂ ಇಲ್ಲ.

ಇದರಲ್ಲಿ ಮಾಲಕನಿಗೆ ಕಷ್ಟ ಇಲ್ಲವೆಂದು ನಾನು ಹೇಳುವುದಿಲ್ಲ. ವ್ಯಾಪಾರ 17 ಲಕ್ಷಕ್ಕೆ ಬಿದ್ದ ತಿಂಗಳು ಆ 2,07,450 ಇಳಿಯುವುದಿಲ್ಲ, ಅಷ್ಟನ್ನೂ ಕೊಡಲೇಬೇಕು. ಪಕ್ಕದ ಹೋಟೆಲು ಮೆನುವಿನಲ್ಲಿ ಇನ್ನೂರೆಂದೇ ಬರೆದು ಕೊನೆಗೆ ಇಪ್ಪತ್ತು ಸೇರಿಸಿದರೆ ಇವನದು ದುಬಾರಿಯಾಗಿ ಕಾಣುತ್ತದೆ. ಪೂರ್ತಿ ಸೇರಿಸಲು ಆಗದವರು ಅರ್ಧ ದಾರಿಯನ್ನಾದರೂ ನಡೆಯಬಹುದು: ಒಂದು ಪಾಯಿಂಟಿಗೆ ಕನಿಷ್ಠ ಇಷ್ಟು, ಉದಾಹರಣೆಗೆ 1,200, ಎಂದು ಬರೆದುಕೊಡುವುದು. ಅದಕ್ಕಿಂತ ಹೆಚ್ಚು ಬಂದರೆ ಹಂಚುವುದು, ಕಡಿಮೆ ಬಂದರೆ ಕೊರತೆಯನ್ನು ಮಾಲಕ ತುಂಬುವುದು. ಪ್ರತಿ ತಿಂಗಳೂ ಒಂದು ಹಾಳೆಯಲ್ಲಿ ಕೂಡಿದ ಮೊತ್ತ, ಕಡಿತ, ಒಟ್ಟು ಪಾಯಿಂಟ್, ಪಾಯಿಂಟಿನ ಬೆಲೆ, ಈ ನಾಲ್ಕು ಸಾಲು ಬರೆದು ಸಿಬ್ಬಂದಿಯ ಊಟದ ಜಾಗದಲ್ಲಿ ಅಂಟಿಸುವುದು. ಇದಕ್ಕೆ ಖರ್ಚು ಒಂದು ಹಾಳೆ.

ಮನೆಯವರಿಗೆ ಹೇಳುವುದು ಇನ್ನೂ ಸರಳ. ಹುಡುಗ "ಇಪ್ಪತ್ತೊಂದು ಬೀಳುತ್ತೆ" ಎಂದರೆ, "ಕೊಡುವುದು ಎಷ್ಟು?" ಎಂದು ಕೇಳಿ. ಬಾಡಿಗೆ, ಬೈಕಿನ ಕಂತು, ತಂಗಿಯ ನಿಕಾಹಿನ ಚೀಟಿ, ಇವೆಲ್ಲ ಆ ಹದಿನಾಲ್ಕರೊಳಗೆ ನಡೆಯುವಂತಿರಲಿ. ಪಾಯಿಂಟಿನ ದುಡ್ಡು ಬಂದ ತಿಂಗಳು ಬಂದಷ್ಟನ್ನು ಬೇರೆ ಇಡಿ. ಕಲ್ಯಾಣದುರ್ಗದ ರೈತ ಒಳ್ಳೆಯ ಮಳೆಯ ವರ್ಷದ ಶೇಂಗಾವನ್ನು ನೋಡಿ ಮುಂದಿನ ವರ್ಷದ ಸಾಲ ಮಾಡುವುದಿಲ್ಲ. ಪೂಲಿನ ದುಡ್ಡೂ ಮಳೆಯ ಬೆಳೆಯೇ. ಇದನ್ನು ಹೇಳಿದಾಗ ಅಂಗಡಿಗೆ ಬಂದಿದ್ದ ಒಬ್ಬ ಹುಡುಗ, "ಭಾಯ್, ಹಾಗಾದರೆ ನಾಲ್ಕು ಪಾಯಿಂಟ್ ಬಿಟ್ಟು ಎರಡು ಸಾವಿರ ಸಂಬಳ ಹೆಚ್ಚು ಕೇಳಲಾ?" ಎಂದ. ಒಳ್ಳೆಯ ಪ್ರಶ್ನೆ. ಈ ಲೆಕ್ಕದಲ್ಲಿ ಗಿರಾಕಿ ಕೊಡುವುದು ಪೂರ್ತಿ ಇಷ್ಟಕ್ಕೆ ಬಿಟ್ಟಾಗಲೂ ನಾಲ್ಕು ಪಾಯಿಂಟಿಗೆ 2,400 ಬರುತ್ತದೆ, ಆದ್ದರಿಂದ ಎರಡು ಸಾವಿರಕ್ಕೆ ಬಿಡುವುದು ಕಡಿಮೆಯಾಯಿತು. ಮೂರೂವರೆ ಸಾವಿರ ಸಂಬಳದಲ್ಲಿ ಸೇರಿಸಿ ಕೊಡುತ್ತಾರೆ ಎಂದರೆ ಯೋಚಿಸದೆ ಒಪ್ಪಬಹುದು, ಏಕೆಂದರೆ ಅದರ ಮೇಲೆ ಪಿಎಫ್ ಬರುತ್ತದೆ, ಗ್ರಾಚ್ಯುಟಿ ಬರುತ್ತದೆ, ಊರಿಗೆ ಬಂದು ಎಂಟು ದಿನ ಉಳಿದರೂ ಎಷ್ಟು ಕಡಿತ ಎಂದು ಬಸ್ಸು ಹತ್ತುವ ಮೊದಲೇ ಗೊತ್ತಿರುತ್ತದೆ.